ಹಸಿರು ಸಾಲಿನಲ್ಲಿ ಅಡಗಿದ ಅಪಾಯ

ಬ್ರೋಕರ್ ಆ್ಯಪ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಲಾಭ-ನಷ್ಟದ ಬಣ್ಣ. ಇಲ್ಲಿಂದ ಬೆಲೆ ಸ್ಟಾಪ್‌ಲಾಸ್‌ವರೆಗೆ ಇಳಿದರೆ ಎಷ್ಟು ಹಣ ಕೈಬಿಡುತ್ತದೆ ಎಂಬುದನ್ನು ಆ ಬಣ್ಣ ಹೇಳುವುದಿಲ್ಲ. ಅದಕ್ಕೊಂದು ಸ್ಪ್ರೆಡ್‌ಶೀಟ್ ಬೇಕು.

ಪ್ರತಿ ಷೇರಿಗೆ ಒಂದು ಸಾಲು. B ಕಾಲಂನಲ್ಲಿ ಷೇರುಗಳ ಸಂಖ್ಯೆ, C ಕೊಂಡ ಬೆಲೆ, D ಸ್ಟಾಪ್, E ಇಂದಿನ ಬೆಲೆ. ಉಳಿದದ್ದು ಮೂರೇ ಸೂತ್ರ: ಲಾಭ, ಹಣದಲ್ಲಿ ಅಪಾಯ, ಸ್ಟಾಪ್‌ಗೆ ಇರುವ ದೂರ.

```
=(E2-C2)*B2
=(E2-D2)*B2
=(E2-D2)/E2
```

500 ರೂಪಾಯಿಗೆ ಕೊಂಡ 100 ಷೇರು ಈಗ 530ರಲ್ಲಿದೆ, ಸ್ಟಾಪ್ 470. ಲಾಭ 3,000 ರೂಪಾಯಿ. ಆದರೆ ಸ್ಟಾಪ್ ತಾಗಿದರೆ ಇಂದಿನ ಮೌಲ್ಯದಲ್ಲಿ 6,000 ಹೋಗುತ್ತದೆ, ಅಂದರೆ ಲಾಭವೆಲ್ಲ ಕರಗಿ ಕೈಯಿಂದಲೂ 3,000. ಇನ್ನೊಂದು ಸಾಲಿನಲ್ಲಿ 1,200ಕ್ಕೆ ಕೊಂಡ 40 ಷೇರು 1,162ಕ್ಕೆ ಇಳಿದಿದೆ, ಸ್ಟಾಪ್ 1,150. ನಷ್ಟ 1,520, ಸಾಲು ಕೆಂಪು. ಆದರೂ ಇಲ್ಲಿಂದ ಮುಂದೆ ಹೋಗಬಹುದಾದದ್ದು 480 ಮಾತ್ರ. ರಾತ್ರಿ ನಿದ್ದೆಗೆಡಿಸಬೇಕಾದದ್ದು ಹಸಿರು ಸಾಲೇ! ಕೆಂಪಿನದು ಸ್ಟಾಪ್‌ಗೆ ಶೇ. 1ರಷ್ಟೇ ದೂರ, ನಾಳೆಯೇ ಮುಗಿಯಬಹುದು, ಹಸಿರಿನದು ಶೇ. 11.

ಎರಡನೇ ಸೂತ್ರದ ಉತ್ತರ ಋಣಸಂಖ್ಯೆಯಾದರೆ ಬೆಲೆ ಸ್ಟಾಪ್ ದಾಟಿದೆ, ಷೇರು ಮಾತ್ರ ಹಾಳೆಯಲ್ಲಿ ಇನ್ನೂ ಇದೆ ಎಂದರ್ಥ. ಒಂದೋ ಆರ್ಡರ್ ಹಾಕಿಲ್ಲ, ಇಲ್ಲವೇ ಮಾರಿದ್ದನ್ನು ಅಳಿಸಿಲ್ಲ. ಕೆಟ್ಟ ಸುದ್ದಿ ಬಂದ ಮರುದಿನ ಬೆಲೆ ಸ್ಟಾಪ್‌ಗಿಂತ ಕೆಳಗೇ ತೆರೆದುಕೊಂಡರೆ ಹಾಳೆಯ ಲೆಕ್ಕ ನಿಲ್ಲದು, ನಷ್ಟ ಹೆಚ್ಚೇ ಆಗುತ್ತದೆ.

ಆ್ಯಪ್‌ನಲ್ಲಿ ಸ್ಟಾಪ್ ಬದಲಿಸಿದ ಕೂಡಲೇ ಹಾಳೆಯಲ್ಲೂ ಬದಲಿಸಿಬಿಡಿ.