ಹತ್ತರಲ್ಲಿ ಒಂಬತ್ತು ಕೊಟ್ಟದ್ದು ಯಾವ ಆಧಾರದ ಮೇಲೆ?

ಸರ್ಕಾರಿ ಕಚೇರಿಗಳಲ್ಲಿ ‘ಸಿಆರ್’ ಎಂದರೆ ಒಂದು ಕಾಲಕ್ಕೆ ನೌಕರರಿಗೆ ನಡುಕ. ಮೇಲಧಿಕಾರಿ ವರ್ಷಕ್ಕೊಮ್ಮೆ ಬರೆಯುತ್ತಿದ್ದ ಆ ಗೌಪ್ಯ ವರದಿಯಲ್ಲಿ ತೀರಾ ಕೆಟ್ಟ ಮಾತಿದ್ದರೆ ಮಾತ್ರ ನೌಕರನಿಗೆ ತಿಳಿಸುತ್ತಿದ್ದರು. ಗಡಿ ರಸ್ತೆ ಎಂಜಿನಿಯರಿಂಗ್ ಸೇವೆಯ ದೇವ್ ದತ್ ಎಂಬ ಅಧಿಕಾರಿಗೆ 1993-94ರ ವರದಿಯಲ್ಲಿ ‘ಉತ್ತಮ’ ಎಂಬ ಷರಾ ಬಿದ್ದಿತ್ತು. ಕೇಳಲು ಹಿತವಾದ ಪದವೇ. ಆದರೆ ಬಡ್ತಿಗೆ ಐದೂ ವರ್ಷ ‘ಅತ್ಯುತ್ತಮ’ ಇರಬೇಕಿತ್ತು. ಯಾರೂ ತಿಳಿಸದ ಆ ಒಂದು ಪದದಿಂದ ಅವರ ಬಡ್ತಿ ತಪ್ಪಿತು. 2008ರಲ್ಲಿ ಸುಪ್ರೀಂ ಕೋರ್ಟ್, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಪ್ರತಿ ಷರಾವನ್ನೂ ನೌಕರನಿಗೆ ತಿಳಿಸಲೇಬೇಕು ಎಂದು ತೀರ್ಪಿತ್ತಿತು. ಮರುವರ್ಷ ಕೇಂದ್ರ ಸರ್ಕಾರ ಪೂರ್ತಿ ವರದಿಯನ್ನೇ ನೌಕರನ ಕೈಗೆ ಕೊಡುವ ಆದೇಶ ಹೊರಡಿಸಿತು. ಸಿಆರ್ ಹೋಗಿ ‘ಎಪಿಎಆರ್’, ಅಂದರೆ ವಾರ್ಷಿಕ ಕಾರ್ಯಸಾಧನಾ ಮೌಲ್ಯಮಾಪನ ವರದಿ ಬಂತು.

ಈ ವರದಿಯಲ್ಲಿ ಅಂಕ ಬೀಳುವುದು ಮೂರು ಭಾಗಗಳಿಗೆ. ಮಾಡಿದ ಕೆಲಸಕ್ಕೆ ಶೇಕಡ 40, ಶಿಸ್ತು, ಹೊಣೆಗಾರಿಕೆಯಂಥ ವೈಯಕ್ತಿಕ ಗುಣಗಳಿಗೆ ಶೇಕಡ 30, ನಿಯಮಗಳ ಅರಿವು, ತೀರ್ಮಾನ ಕೈಗೊಳ್ಳುವ ಶಕ್ತಿ ಮುಂತಾದ ವೃತ್ತಿ ಸಾಮರ್ಥ್ಯಗಳಿಗೆ ಉಳಿದ ಶೇಕಡ 30. ಪ್ರತಿಯೊಂದಕ್ಕೂ ಹತ್ತರೊಳಗೆ ಅಂಕ. ಸರಾಸರಿ 6ರಿಂದ 8ರೊಳಗೆ ಬಂದರೆ ‘ಅತ್ಯುತ್ತಮ’, 8 ಮತ್ತು ಮೇಲೆ ಬಂದರೆ ‘ಅಸಾಧಾರಣ’.

ನೌಕರ ತಾನೇ ಬರೆಯುವ ಸ್ವಯಂ ಮೌಲ್ಯಮಾಪನದಲ್ಲೇ ಅರ್ಧ ವರದಿ ತೀರ್ಮಾನವಾಗುತ್ತದೆ. ಎಂಟು-ಹತ್ತು ಗುರಿಗಳನ್ನು ಪ್ರಾಮುಖ್ಯದ ಕ್ರಮದಲ್ಲಿ ಬರೆದು, ಒಂದೊಂದರ ಎದುರು ಸಾಧಿಸಿದ್ದನ್ನು ಕಾಣಿಸಬೇಕು. ಆದದ್ದು ಕಡಿಮೆಯಾಗಿದ್ದರೆ ಕಾರಣ ಹೇಳಬೇಕು. ಉದಾಹರಣೆಗೆ, ನೌಕರರ ವಸತಿಗೃಹಗಳನ್ನು ನೋಡಿಕೊಳ್ಳುವ ಒಬ್ಬ ಸಹಾಯಕ ಎಂಜಿನಿಯರ್ ಇದ್ದಾರೆನ್ನಿ. ‘ತಾರಸಿ ದುರಸ್ತಿಯನ್ನು ತೃಪ್ತಿಕರವಾಗಿ ನಿರ್ವಹಿಸಿದ್ದೇನೆ’ ಎಂದು ಅವರು ಬರೆದರೆ ಮೇಲಧಿಕಾರಿಗೆ ಅದರಿಂದ ಏನೂ ದಕ್ಕುವುದಿಲ್ಲ. ಅದನ್ನೇ ಹೀಗೆ ಬರೆಯಬಹುದು: ‘ಮಳೆಗಾಲಕ್ಕೆ ಮುಂಚೆ, ಮೇ 31ರೊಳಗೆ 40 ಮನೆಗಳ ಸೋರಿಕೆ ನಿಲ್ಲಿಸಬೇಕಿತ್ತು. 34 ಮುಗಿದವು, ಅಳತೆ ಪುಸ್ತಕದಲ್ಲಿ ದಾಖಲಾಗಿದೆ. ಸಾಮಗ್ರಿ ತಡವಾಗಿ 6 ಮನೆ ಜುಲೈಗೆ ಹೋದವು. ಆ ಬಗ್ಗೆ ಏಪ್ರಿಲ್ 20ರಂದೇ ಪತ್ರ ಬರೆದಿದ್ದೆ. ದುರಸ್ತಿಯಾದ 34 ಮನೆಗಳ ಪೈಕಿ ಮಳೆಗಾಲದಲ್ಲಿ ದೂರು ಬಂದದ್ದು 2 ಮನೆಗಳಿಂದ.’ ಕೊನೆಯ ವಾಕ್ಯ ಇಲ್ಲಿ ಎಲ್ಲಕ್ಕಿಂತ ಮುಖ್ಯ. 34 ತಾರಸಿ ಮುಗಿಯಿತೆನ್ನುವುದು ಮಾಡಿದ ಕೆಲಸದ ಲೆಕ್ಕ. ಮಳೆಯಲ್ಲಿ 32 ಮನೆಗಳಿಂದ ದೂರು ಬರಲಿಲ್ಲ ಎನ್ನುವುದು ಆ ಕೆಲಸದ ಫಲ.

ಇಂಥ ಆಧಾರವಿದ್ದಾಗ ಸಾಮರ್ಥ್ಯದ ಅಂಕವನ್ನೂ ಊಹೆಯಿಂದ ಕೊಡಬೇಕಿಲ್ಲ. ಸಾಮಗ್ರಿ ಬರುವುದಿಲ್ಲವೆಂದು ತಿಳಿದ ದಿನ ಆ ಎಂಜಿನಿಯರ್ ಏನು ಮಾಡಿದರು? ಕೈಕಟ್ಟಿ ಕುಳಿತರೋ, ಗಾರೆ ಕೆಲಸದವರನ್ನು ಬೇರೆ ಬ್ಲಾಕಿಗೆ ಕಳಿಸಿ ಅಲ್ಲಿನ ಕೆಲಸ ಮುಂದಕ್ಕೆ ತಂದರೋ? ತೀರ್ಮಾನ ಕೈಗೊಳ್ಳುವ ಶಕ್ತಿಗೆ ಅಂಕ ಕೊಡಬೇಕಾದದ್ದು ಆ ದಿನವನ್ನು ನೋಡಿ.

ಎಡವಟ್ಟಾಗುವುದು ಲೆಕ್ಕದಲ್ಲಿ. ಈ ಎಂಜಿನಿಯರ್‌ಗೆ ಕೆಲಸಕ್ಕೆ 7 ಅಂಕ ಬಂತೆನ್ನಿ. ಗುಣಕ್ಕೆ 7, ಸಾಮರ್ಥ್ಯಕ್ಕೆ 7 ಸಿಕ್ಕರೆ ಸರಾಸರಿ 7, ‘ಅತ್ಯುತ್ತಮ’. ಮೇಲಧಿಕಾರಿಗೆ ಅವರ ಮೇಲೆ ಒಲವಿದ್ದು ಕೊನೆಯ ಎರಡಕ್ಕೂ 9 ಹಾಕಿದರೆ, ಸರಾಸರಿ 8.2 ಆಗಿ ವರದಿ ‘ಅಸಾಧಾರಣ’ಕ್ಕೆ ಏರುತ್ತದೆ. ತಾರಸಿಗಳಂತೂ ಎರಡು ಲೆಕ್ಕದಲ್ಲೂ ಅವೇ. ಒಲವಿಲ್ಲದಿದ್ದರೆ ಇದೇ ದಾರಿಯಲ್ಲಿ ಕೆಳಕ್ಕೂ ಇಳಿಸಬಹುದು. ಅದಕ್ಕೇ 9-10 ಅಥವಾ 1-2 ಅಂಕ ಕೊಟ್ಟರೆ ನಿರ್ದಿಷ್ಟ ಸಾಧನೆಯನ್ನೋ ವೈಫಲ್ಯವನ್ನೋ ಬರೆದು ಸಮರ್ಥಿಸಬೇಕೆಂಬ ಸೂಚನೆ ನಮೂನೆಯಲ್ಲೇ ಇದೆ. ಒಳ್ಳೆಯ ನಿಯಮ, ಆದರೆ 8 ಹಾಕಿ ತಪ್ಪಿಸಿಕೊಳ್ಳಲು ಅಡ್ಡಿಯಿಲ್ಲ. ನನ್ನನ್ನು ಕೇಳಿದರೆ, ಗುಣಕ್ಕೆ ಕೊಡುವ ಪ್ರತಿ ಅಂಕದ ಎದುರೂ ಒಂದು ಘಟನೆ, ಒಂದು ದಿನಾಂಕ ಬರೆಸಬೇಕು. ‘ಶ್ರಮಜೀವಿ, ವಿನಯಶೀಲ, ಸಹಕಾರ ಮನೋಭಾವ’ ಎಂಬ ಮೂರು ವಿಶೇಷಣಗಳು ಇಡೀ ವಿಭಾಗದ ಎಲ್ಲರ ವರದಿಯಲ್ಲೂ ಇದ್ದರೆ, ಆ ಅಧಿಕಾರಿ ಯಾರ ಕೆಲಸವನ್ನೂ ನೋಡಿಲ್ಲವೆಂದೇ ತಿಳಿಯಬೇಕು.

ಮಾರ್ಚ್ 31ಕ್ಕೆ ಮುಗಿಯುವ ವರ್ಷದ ಸ್ವಯಂ ಮೌಲ್ಯಮಾಪನವನ್ನು ಏಪ್ರಿಲ್ 15ರೊಳಗೆ ಒಪ್ಪಿಸಬೇಕು. ಅವಸರದ ಆ ಹದಿನೈದು ದಿನಗಳಲ್ಲಿ ನೆನಪಿಗೆ ಬರುವುದು ಜನವರಿಯಿಂದ ಈಚಿನದು ಮಾತ್ರ. ಕಳೆದ ಮೇ ತಿಂಗಳ ತಾರಸಿ ಮರೆತೇ ಹೋಗಿರುತ್ತದೆ. ಮೂರು ತಿಂಗಳಿಗೊಮ್ಮೆ ಅರ್ಧ ಪುಟ ಬರೆದಿಟ್ಟವರು ಈ ಪೇಚಿನಿಂದ ಪಾರಾಗುತ್ತಾರೆ. ಅದರ ಬೆಲೆ ಇನ್ನೊಮ್ಮೆ ತಿಳಿಯುವುದು ವರದಿ ಕೈಗೆ ಬಂದಾಗ. ಅಂಕ ಒಪ್ಪಿಗೆಯಾಗದಿದ್ದರೆ ಆಕ್ಷೇಪಣೆ ಸಲ್ಲಿಸಲು ಇರುವುದು 15 ದಿನ. ‘ಅನ್ಯಾಯವಾಗಿದೆ’ ಎಂದಷ್ಟೇ ಬರೆದ ಮನವಿಯಲ್ಲಿ ಪರಿಶೀಲಿಸಲು ಏನೂ ಇರುವುದಿಲ್ಲ. ಏಪ್ರಿಲ್ 20ರ ಪತ್ರದ ಪ್ರತಿ, ಅಳತೆ ಪುಸ್ತಕದ ಪುಟ ಸಂಖ್ಯೆ, ದೂರು ವಹಿಯ ನಕಲು ಲಗತ್ತಿಸಿದ ಮನವಿಗೆ ಅಧಿಕಾರಿ ಕಾರಣ ಕೊಟ್ಟು ಉತ್ತರಿಸಬೇಕಾಗುತ್ತದೆ.