ಸಂದೇಶದಿಂದ ಸುತ್ತೋಲೆಗೆ

ಎದುರಿಗೆ ನಿಂತು ಮಾತನಾಡುವಾಗ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹೇಳುವವನಿಗೂ ಕೇಳುವವನಿಗೂ ಹಿಂದಿನ ಸಂಗತಿಗಳು ತಿಳಿದಿರುತ್ತವೆ. ಅರ್ಥವಾಗದಿದ್ದರೆ ಕೇಳುವವನು ಮರುಪ್ರಶ್ನೆ ಹಾಕಬಹುದು. ಇಂದು ಮೊಬೈಲ್ ದೂರವಾಣಿಯಲ್ಲಿ ಪರಿಚಿತರ ಗುಂಪಿಗೆ ಕಳುಹಿಸುವ ಸಂದೇಶವು ನೋಡಲು ಬರಹವಾದರೂ ಸ್ವಭಾವದಲ್ಲಿ ಮಾತೇ ಆಗಿದೆ. ಕಚೇರಿಯ ಸುತ್ತೋಲೆಯ ಸ್ಥಿತಿ ಹಾಗಲ್ಲ. ಅದು ಹಲವು ಊರುಗಳಿಗೆ ಹೋಗುತ್ತದೆ; ಕಡತದಲ್ಲಿ ಉಳಿಯುತ್ತದೆ; ಬರೆದವರನ್ನು ಎಂದೂ ಕಾಣದವರು ಅದನ್ನು ಓದಿ ಕಾರ್ಯ ನಡೆಸಬೇಕಾಗುತ್ತದೆ. ಆದುದರಿಂದ ಸಂದೇಶವನ್ನು ಸುತ್ತೋಲೆಯಾಗಿ ಬರೆಯುವುದೆಂದರೆ ಸುಲಭವಾದ ಪದಗಳ ಸ್ಥಾನದಲ್ಲಿ ಕಠಿಣ ಪದಗಳನ್ನು ಇಡುವುದಲ್ಲ. ಸಂದೇಶವು ಹೇಳದೆ ಬಿಟ್ಟುದನ್ನು ಹೇಳುವುದು.

ಇದು ಹೇಗೆಂಬುದನ್ನು ತಿಳಿಯಲು ಒಂದು ತಾಲ್ಲೂಕು ಪಂಚಾಯತಿಯಲ್ಲಿ ನಡೆಯಬಹುದಾದ ಪ್ರಸಂಗವನ್ನು ಊಹಿಸಿಕೊಳ್ಳಬಹುದು. ಮುಂಗಾರು ಆಗತಾನೆ ಆರಂಭವಾಗಿದೆ. ಮಳೆಗಾಲದಲ್ಲಿ ನೀರಿನಿಂದ ಹರಡುವ ರೋಗಗಳ ಭಯವಿರುವುದರಿಂದ ಹಳ್ಳಿಗಳ ಕುಡಿಯುವ ನೀರಿನ ತೊಟ್ಟಿಗಳನ್ನು ತೊಳೆಸಬೇಕಾಗಿದೆ. 2024ರ ಜೂನ್ 10, ಸೋಮವಾರದ ರಾತ್ರಿ ತಾಲ್ಲೂಕಿನ ಕಾರ್ಯನಿರ್ವಾಹಕ ಅಧಿಕಾರಿಯು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ಗುಂಪಿಗೆ ಹೀಗೊಂದು ಸಂದೇಶವನ್ನು ಕಳುಹಿಸುತ್ತಾರೆ:

“ನಾಡಿದ್ದು ಮೀಟಿಂಗ್ ಇದೆ. ಎಲ್ರೂ ಟ್ಯಾಂಕ್ ಕ್ಲೀನ್ ಮಾಡ್ಸಿರೋ ಲಿಸ್ಟ್ ತಗೊಂಡ್ ಬನ್ನಿ. ಮಾಡ್ಸ್ದೇ ಇರೋರು ಬೇಗ ಮಾಡ್ಸಿ. ಹೋದ್ಸಲದ ಥರ ಲೇಟ್ ಮಾಡ್ಬೇಡಿ. ಆಮೇಲೆ ನನ್ನ ಕೇಳ್ಬೇಡಿ.”

ಬರೆದವರ ಮನಸ್ಸಿನಲ್ಲಿ ಎಲ್ಲವೂ ಸ್ಪಷ್ಟವಾಗಿಯೇ ಇದೆ. ಆದರೆ ಓದುವವರಲ್ಲಿ ಒಬ್ಬರು ರಾತ್ರಿಯೇ ಇದನ್ನು ನೋಡಿ ಸಭೆಯು ಬುಧವಾರವೆಂದು ತಿಳಿಯುತ್ತಾರೆ. ಮಂಗಳವಾರ ಬೆಳಿಗ್ಗೆ ನೋಡಿದ ಇನ್ನೊಬ್ಬರು ಅಂದಿನಿಂದ ಎಣಿಸಿ ಗುರುವಾರವೆಂದು ಭಾವಿಸುತ್ತಾರೆ. ‘ಟ್ಯಾಂಕ್’ ಎಂದರೆ ಎತ್ತರದ ಕಂಬಗಳ ಮೇಲಿನ ದೊಡ್ಡ ಮೇಲ್ತೊಟ್ಟಿ ಮಾತ್ರವೆಂದು ಮತ್ತೊಬ್ಬರು ಎಣಿಸುತ್ತಾರೆ. ಅವರ ಪಟ್ಟಿಯಲ್ಲಿ ಬೀದಿಬದಿಯ ಕಿರುತೊಟ್ಟಿಗಳು ಸೇರುವುದೇ ಇಲ್ಲ. ಊರಿನ ಅಂಚಿನ ಕೇರಿಯವರು ನೀರು ಹಿಡಿಯುವುದು ಅಂತಹ ಕಿರುತೊಟ್ಟಿಯಿಂದಲೇ ಆಗಿದ್ದರೆ, ತಪ್ಪಾಗಿ ಓದಿದ ಒಂದು ಪದದಿಂದ ಆ ತೊಟ್ಟಿ ಪಾಚಿಗಟ್ಟಿಯೇ ಉಳಿಯುತ್ತದೆ. ನೀರುಗಂಟಿಗೆ ಯಾರೂ ಹೇಳಲಿಲ್ಲ. ಪಟ್ಟಿಯಲ್ಲಿ ಇಲ್ಲದುದನ್ನು ಯಾರೂ ಕೇಳಲಿಲ್ಲ.

ಈ ಸಂದೇಶವನ್ನು ಸುತ್ತೋಲೆಯಾಗಿ ಬರೆಯುವ ಹೊಣೆ ಕಚೇರಿಯ ಗುಮಾಸ್ತರದು. ಅವರು ಮೊದಲು ಲೇಖನಿಯನ್ನು ಹಿಡಿಯುವುದಿಲ್ಲ. ಸಂದೇಶದ ಒಂದೊಂದು ಮಾತನ್ನೂ ಹಿಡಿದು ಪ್ರಶ್ನಿಸುತ್ತಾರೆ. ನಾಡಿದ್ದು ಎಂದರೆ ಯಾವ ದಿನಾಂಕ? ಸಭೆ ಎಷ್ಟು ಗಂಟೆಗೆ, ಎಲ್ಲಿ? ‘ಎಲ್ಲರೂ’ ಎಂದರೆ ಯಾರು? ಯಾವ ತೊಟ್ಟಿಗಳು? ‘ಬೇಗ’ ಎಂದರೆ ಎಂದಿನೊಳಗೆ? ಇವುಗಳಲ್ಲಿ ಕೆಲವಕ್ಕೆ ಉತ್ತರ ಸಂದೇಶದಲ್ಲಿಯೇ ಅಡಗಿದೆ. ಅದನ್ನು ಕಳುಹಿಸಿದ ದಿನ ಸೋಮವಾರವಾದುದರಿಂದ ನಾಡಿದ್ದು ಎಂದರೆ ಜೂನ್ 12, ಬುಧವಾರ. ಉಳಿದವಕ್ಕೆ ಉತ್ತರವನ್ನು ಅಧಿಕಾರಿಯಿಂದಲೇ ಕೇಳಿ ತಿಳಿಯಬೇಕು. ‘ಬೇಗ’ ಎಂಬುದನ್ನು ‘ಒಂದು ವಾರದೊಳಗೆ’ ಎಂದು ಗುಮಾಸ್ತರು ತಾವೇ ಬರೆದರೆ ಅದು ಭಾಷೆಯ ತಿದ್ದುಪಡಿಯಾಗುವುದಿಲ್ಲ. ಅಧಿಕಾರಿಯು ಮಾಡದ ತೀರ್ಮಾನವನ್ನು ಅವರ ಹೆಸರಿನಲ್ಲಿ ಮಾಡಿದಂತಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದುದು ಕೊನೆಯ ಎರಡು ವಾಕ್ಯಗಳ ವಿಚಾರ. ‘ಹೋದ್ಸಲದ ಥರ ಲೇಟ್ ಮಾಡ್ಬೇಡಿ’ ಎಂಬ ಮಾತು ಹಿಂದಿನ ಸಲ ತಡಮಾಡಿದ ಇಬ್ಬರು ಮೂವರನ್ನು ಕುರಿತದ್ದು. ಸುತ್ತೋಲೆಯಾದರೋ ಎಲ್ಲರಿಗೂ ಹೋಗುತ್ತದೆ. ಈ ಮಾತನ್ನು ಅಲ್ಲಿ ಉಳಿಸಿದರೆ ಕರ್ತವ್ಯವನ್ನು ಸಕಾಲದಲ್ಲಿ ಮಾಡಿದವರೂ ಆಕ್ಷೇಪಣೆಗೆ ಗುರಿಯಾಗುತ್ತಾರೆ. ತಡಮಾಡಿದವರಿಗೆ ಹೇಳಬೇಕಾದುದನ್ನು ಅವರಿಗೆ ಮಾತ್ರ ಪ್ರತ್ಯೇಕವಾಗಿ ಬರೆಯಬಹುದು. ಸುತ್ತೋಲೆಯಲ್ಲಿ ‘ವಿಳಂಬವಿಲ್ಲದೆ’ ಎಂಬ ಒಂದು ಪದ ಸಾಕು. ‘ಆಮೇಲೆ ನನ್ನ ಕೇಳ್ಬೇಡಿ’ ಎಂಬುದು ಬೇಸರದ ಮಾತು. ಅದನ್ನು ‘ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು’ ಎಂದು ತಿದ್ದಲು ಹಲವರ ಕೈ ತುಡಿಯುತ್ತದೆ. ಆದರೆ ಬೇಸರವೇ ಬೇರೆ, ಶಿಸ್ತುಕ್ರಮದ ಎಚ್ಚರಿಕೆಯೇ ಬೇರೆ. ಅಧಿಕಾರಿಯು ಹಾಗೆ ಉದ್ದೇಶಿಸಿರುವರೇ ಎಂದು ಕೇಳಬೇಕು. ಇಲ್ಲವೆಂದರೆ ಆ ಮಾತನ್ನು ಬಿಟ್ಟುಬಿಡಬೇಕು.

ಅರ್ಥವು ನಿಶ್ಚಿತವಾದ ಬಳಿಕ ಭಾಷೆಯ ಕೆಲಸ ಬರುತ್ತದೆ. ಆಡುಮಾತಿನಲ್ಲಿ ಪದದ ನಡುವಿನ ಸ್ವರಗಳು ಬಿದ್ದುಹೋಗುತ್ತವೆ. ‘ಎಲ್ಲರೂ’ ಎಂಬುದು ‘ಎಲ್ರೂ’ ಆಗುತ್ತದೆ. ‘ಮಾಡಿಸಿ’ ಎಂಬುದು ‘ಮಾಡ್ಸಿ’ ಆಗುತ್ತದೆ. ‘ಇರುವ’ ಎಂಬ ಕೃದಂತ ರೂಪವು ‘ಇರೋ’ ಎಂದು ಕುಗ್ಗುತ್ತದೆ. ಗ್ರಂಥಸ್ಥ ರೂಪದಲ್ಲಿ ಬರೆಯುವಾಗ ಈ ಸ್ವರಗಳು ಮರಳಿ ಬರುತ್ತವೆ: ‘ಮಾಡ್ಸಿರೋ’ ಎಂಬುದು ‘ಮಾಡಿಸಿರುವ’ ಎಂದೂ, ‘ಇರೋರು’ ಎಂಬುದು ‘ಇರುವವರು’ ಎಂದೂ, ‘ತಗೊಂಡ್’ ಎಂಬುದು ‘ತೆಗೆದುಕೊಂಡು’ ಎಂದೂ ಆಗುತ್ತದೆ. ಇದು ಬರಿಯ ಅಲಂಕಾರಕ್ಕಲ್ಲ. ಮೈಸೂರಿನ ಕಡೆಯವರು ‘ತಗೊಂಡ್ ಬನ್ನಿ’ ಎನ್ನುವಲ್ಲಿ ಧಾರವಾಡದ ಕಡೆಯವರು ‘ತಗೊಂಡ್ ಬರ್ರಿ’ ಎನ್ನುತ್ತಾರೆ. ‘ತೆಗೆದುಕೊಂಡು ಬರಬೇಕು’ ಎಂಬುದು ಯಾವ ಒಂದು ಸೀಮೆಯ ಮಾತೂ ಅಲ್ಲ. ಆದುದರಿಂದಲೇ ಅದು ಎಲ್ಲ ಸೀಮೆಗಳಿಗೂ ಸಲ್ಲುತ್ತದೆ.

ಅನ್ಯಭಾಷೆಯ ಪದಗಳ ವಿಷಯದಲ್ಲಿ ವಿವೇಚನೆ ಬೇಕು. ‘ಮೀಟಿಂಗ್’, ‘ಲಿಸ್ಟ್’ ಎಂಬವಕ್ಕೆ ಸಭೆ, ಪಟ್ಟಿ ಎಂಬ ರೂಢಿಯ ಪದಗಳಿವೆ, ಅವನ್ನೇ ಬರೆಯಬೇಕು. ಆದರೆ ತೊಟ್ಟಿಯ ನೀರಿಗೆ ಬೆರೆಸುವ ಬ್ಲೀಚಿಂಗ್ ಪುಡಿಗೆ ಹೊಸದೊಂದು ಹೆಸರನ್ನು ಕಟ್ಟಿ ಬರೆದರೆ ನೀರುಗಂಟಿಗೆ ಅದು ಯಾವ ಪುಡಿಯೆಂದು ತಿಳಿಯದೆ ಹೋಗಬಹುದು. ಕೆಲಸ ಮಾಡುವವರು ಯಾವ ಹೆಸರಿನಿಂದ ವಸ್ತುವನ್ನು ಗುರುತಿಸುತ್ತಾರೋ ಆ ಹೆಸರೇ ಸುತ್ತೋಲೆಗೂ ಯೋಗ್ಯ.

ಕ್ರಿಯಾಪದವನ್ನು ಆರಿಸುವಲ್ಲಿಯೂ ಒಂದು ಕ್ರಮವಿದೆ. ಕೆಳಗಿನವರು ಮಾಡಲೇಬೇಕಾದ ಕಾರ್ಯಕ್ಕೆ ‘ಸೂಚಿಸಲಾಗಿದೆ’ ಎಂದೂ, ಸಮಾನರಿಗೆ ಅಥವಾ ಬೇರೆ ಇಲಾಖೆಯವರಿಗೆ ‘ಕೋರಲಾಗಿದೆ’ ಎಂದೂ, ಬರಿಯ ಸುದ್ದಿಗೆ ‘ತಿಳಿಸಲಾಗಿದೆ’ ಎಂದೂ ಬರೆಯುವುದು ವಾಡಿಕೆ. ಆದರೆ ಈ ‘-ಲಾಗಿದೆ’ ಎಂಬ ಕರ್ಮಣಿ ಪ್ರಯೋಗದಲ್ಲಿ ಒಂದು ಅಪಾಯವೂ ಉಂಟು. ‘ತೊಟ್ಟಿಗಳನ್ನು ಸ್ವಚ್ಛಗೊಳಿಸಲು ಕ್ರಮ ಕೈಗೊಳ್ಳತಕ್ಕದ್ದೆಂದು ಸೂಚಿಸಲಾಗಿದೆ’ ಎಂಬ ವಾಕ್ಯವು ಗಂಭೀರವಾಗಿ ಕಾಣುತ್ತದೆ. ಆದರೆ ಕ್ರಮ ಕೈಗೊಳ್ಳಬೇಕಾದವರು ಯಾರೆಂಬುದು ಅದರಲ್ಲಿಲ್ಲ. ಮೂಲ ಸಂದೇಶದಲ್ಲಿದ್ದ ಅಸ್ಪಷ್ಟತೆಯೇ ಇಲ್ಲಿ ದೊಡ್ಡ ಉಡುಪು ತೊಟ್ಟು ನಿಂತಿದೆ. ಆದುದರಿಂದ ಹೊಣೆಯನ್ನು ಹೊರಿಸುವ ಪ್ರತಿಯೊಂದು ವಾಕ್ಯದಲ್ಲಿಯೂ ಕರ್ತೃಪದವಿರಬೇಕು.

ಇಷ್ಟನ್ನೂ ಗಮನದಲ್ಲಿರಿಸಿ, ಅಧಿಕಾರಿಯಿಂದ ವಿವರಗಳನ್ನು ಕೇಳಿ ಗುಮಾಸ್ತರು ಸಿದ್ಧಪಡಿಸಿದ ಸುತ್ತೋಲೆ ಹೀಗಿರುತ್ತದೆ:

ತಾಲ್ಲೂಕು ಪಂಚಾಯತಿ ಕಾರ್ಯಾಲಯ
ಸಂಖ್ಯೆ: ತಾಪಂ/ಕುನೀ/18/2024-25
ದಿನಾಂಕ: 10-06-2024

ಸುತ್ತೋಲೆ

ವಿಷಯ: ಕುಡಿಯುವ ನೀರಿನ ತೊಟ್ಟಿಗಳ ಸ್ವಚ್ಛತೆಯ ಪರಿಶೀಲನಾ ಸಭೆ.

ತಾಲ್ಲೂಕಿನ ಗ್ರಾಮ ಪಂಚಾಯತಿಗಳ ವ್ಯಾಪ್ತಿಯಲ್ಲಿರುವ ಕುಡಿಯುವ ನೀರಿನ ತೊಟ್ಟಿಗಳ ಸ್ವಚ್ಛತೆಯನ್ನು ಪರಿಶೀಲಿಸಲು ದಿನಾಂಕ 12-06-2024, ಬುಧವಾರ, ಬೆಳಿಗ್ಗೆ 11-00 ಗಂಟೆಗೆ ತಾಲ್ಲೂಕು ಪಂಚಾಯತಿಯ ಸಭಾಂಗಣದಲ್ಲಿ ಸಭೆಯನ್ನು ಕರೆಯಲಾಗಿದೆ.

1. ಎಲ್ಲ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು ಸಭೆಗೆ ಖುದ್ದಾಗಿ ಹಾಜರಾಗಬೇಕು.

2. ತಮ್ಮ ವ್ಯಾಪ್ತಿಯ ಎಲ್ಲ ಮೇಲ್ತೊಟ್ಟಿಗಳ ಮತ್ತು ಕಿರುತೊಟ್ಟಿಗಳ ಪಟ್ಟಿಯನ್ನು ಅವರು ಸಭೆಗೆ ತರಬೇಕು. ಪ್ರತಿಯೊಂದು ತೊಟ್ಟಿಯಿರುವ ಸ್ಥಳವನ್ನೂ, ಅದನ್ನು ಕೊನೆಯ ಸಲ ಸ್ವಚ್ಛಗೊಳಿಸಿದ ದಿನಾಂಕವನ್ನೂ ಪಟ್ಟಿಯಲ್ಲಿ ನಮೂದಿಸಿರಬೇಕು.

3. ಇನ್ನೂ ಸ್ವಚ್ಛಗೊಳಿಸದ ತೊಟ್ಟಿಗಳನ್ನು ಸಂಬಂಧಪಟ್ಟ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು ದಿನಾಂಕ 20-06-2024ರೊಳಗೆ ವಿಳಂಬವಿಲ್ಲದೆ ಸ್ವಚ್ಛಗೊಳಿಸಿ, ಮರುದಿನ ಈ ಕಾರ್ಯಾಲಯಕ್ಕೆ ಲಿಖಿತ ವರದಿಯನ್ನು ಸಲ್ಲಿಸಬೇಕು.

(ಸಹಿ)
ಕಾರ್ಯನಿರ್ವಾಹಕ ಅಧಿಕಾರಿ

ಇವರಿಗೆ: ತಾಲ್ಲೂಕಿನ ಎಲ್ಲ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು.

ಇದರಲ್ಲಿ ಕಠಿಣ ಪದವೆಂಬುದು ಒಂದೂ ಇಲ್ಲ. ‘ಸದರಿ’, ‘ಮೇಲ್ಕಾಣಿಸಿದ’, ‘ತತ್ಸಂಬಂಧವಾಗಿ’ ಎಂಬಂಥ ಪದಗಳು ಇಲ್ಲದೆಯೂ ಬರಹಕ್ಕೆ ಗಾಂಭೀರ್ಯ ಬಂದಿದೆ. ಸಂದೇಶಕ್ಕಿಂತ ಇದು ಉದ್ದವಾಗಿದೆ. ಹೆಚ್ಚಿದ ಭಾಗವೆಲ್ಲವೂ ದಿನಾಂಕ, ಸ್ಥಳ, ಹೊಣೆಗಾರರ ಹೆಸರು ಇವುಗಳಿಂದ ಆದುದು. ಒಂದೊಂದು ಅಂಶದಲ್ಲಿ ಒಂದೊಂದೇ ವಿಷಯವನ್ನು ಹೇಳಿರುವುದರಿಂದ, ಮುಂದೆ ಯಾರಾದರೂ ‘ಮೂರನೆಯ ಅಂಶದಂತೆ ವರದಿ ಬಂದಿದೆಯೇ?’ ಎಂದು ಕೇಳಲು ಸಾಧ್ಯವಾಗುತ್ತದೆ.

ಸುತ್ತೋಲೆ ಸರಿಯಾಗಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆಗಳುಂಟು. ಮೊದಲನೆಯದು, ಮೂಲ ಸಂದೇಶವನ್ನು ನೋಡದ ಒಬ್ಬರಿಗೆ ಸುತ್ತೋಲೆಯನ್ನು ಓದಲು ಕೊಟ್ಟು ‘ಯಾರು, ಏನನ್ನು, ಎಂದಿನೊಳಗೆ ಮಾಡಬೇಕು?’ ಎಂದು ಕೇಳುವುದು. ಅವರು ತಡವರಿಸಿದ ಸ್ಥಳದಲ್ಲಿ ಬರಹವನ್ನು ತಿದ್ದಬೇಕು. ಎರಡನೆಯದು, ಸಂದೇಶವನ್ನೂ ಸುತ್ತೋಲೆಯನ್ನೂ ಅಕ್ಕಪಕ್ಕದಲ್ಲಿ ಇಟ್ಟುಕೊಂಡು, ಅಧಿಕಾರಿಯು ಹೇಳಿದ್ದು ಯಾವುದಾದರೂ ಬಿಟ್ಟುಹೋಗಿದೆಯೇ, ಹೇಳದೆ ಇದ್ದುದು ಯಾವುದಾದರೂ ಸೇರಿಕೊಂಡಿದೆಯೇ ಎಂದು ಹೋಲಿಸುವುದು. ಈ ಎರಡರಲ್ಲಿಯೂ ಗೆದ್ದ ಬಳಿಕವೇ ಅದು ಸಹಿಗೆ ಹೋಗಬೇಕು. ಅಂತಹ ಸುತ್ತೋಲೆಯನ್ನು ಓದಿದ ಅಧಿಕಾರಿಯು ದೊಡ್ಡ ತೊಟ್ಟಿಯನ್ನು ತೊಳೆಸಿ ಸುಮ್ಮನಾಗಲಾರರು. ಊರಿನ ಅಂಚಿನ ಕೇರಿಯ ಕಿರುತೊಟ್ಟಿಯೂ ಪಟ್ಟಿಗೆ ಸೇರುತ್ತದೆ. ನೀರುಗಂಟಿಯು ಅಲ್ಲಿಗೂ ಹೋಗುತ್ತಾನೆ.

ಪದಗಳ ಅರ್ಥ

ಸುತ್ತೋಲೆ – ಹಲವರಿಗೆ ಒಟ್ಟಾಗಿ ಕಳುಹಿಸುವ ಕಚೇರಿಯ ಪತ್ರ
ನೀರುಗಂಟಿ – ಊರಿಗೆ ನೀರು ಬಿಡುವ ಕೆಲಸದವನು
ನಮೂದಿಸು – ಬರೆದು ದಾಖಲಿಸು
ಖುದ್ದಾಗಿ – ಸ್ವತಃ

ಅಭ್ಯಾಸ

1. ‘ನಾಡಿದ್ದು’ ಎಂಬ ಪದವನ್ನು ಸುತ್ತೋಲೆಯಲ್ಲಿ ಏಕೆ ಬಳಸಬಾರದು?
2. ‘ಆಮೇಲೆ ನನ್ನ ಕೇಳ್ಬೇಡಿ’ ಎಂಬ ಮಾತನ್ನು ಗುಮಾಸ್ತರು ಸುತ್ತೋಲೆಯಿಂದ ಬಿಟ್ಟುದು ಸರಿಯೇ? ಕಾರಣಗಳನ್ನು ಕೊಟ್ಟು ವಿವರಿಸಿ.
3. ಕೆಳಗಿನ ಸಂದೇಶವನ್ನು ಸುತ್ತೋಲೆಯಾಗಿ ಬರೆಯುವ ಮೊದಲು ಕೇಳಿ ತಿಳಿಯಬೇಕಾದ ಪ್ರಶ್ನೆಗಳನ್ನು ಪಟ್ಟಿಮಾಡಿ: “ಮುಂದಿನ್ವಾರ ಲೈಬ್ರರಿ ಕ್ಲೋಸ್ ಇರುತ್ತೆ. ಬುಕ್ಸ್ ಇಟ್ಕೊಂಡಿರೋರು ಅಷ್ಟ್ರೊಳ್ಗೆ ವಾಪಸ್ ಕೊಟ್ಬಿಡಿ.”