ಶಿಲ್ಕು ಹಿಡಿದುಕೊಡುವ ತಪ್ಪು

ತೆಂಗಳಿಯ ತೊಗರಿ ವ್ಯಾಪಾರಿಯೊಬ್ಬರು ಬ್ಯಾಂಕಿನ ಸ್ಟೇಟ್‌ಮೆಂಟನ್ನು ಸ್ಕ್ಯಾನ್ ಮಾಡಿಸಿ, ಆ ಪಿಡಿಎಫ್ ಅನ್ನು ಟ್ಯಾಲಿಗೆ ಸೇರಿಸಲು ನಿಮಗೆ ಕೊಟ್ಟರೆನ್ನಿ. ನಮ್ಮ ಕಣ್ಣಿಗೆ ಅದು ಅಂಕಿಗಳ ಪಟ್ಟಿ; ಕಂಪ್ಯೂಟರಿಗೆ ಬರೀ ಚಿತ್ರ. ಓಸಿಆರ್ ತಂತ್ರಾಂಶ ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಎಕ್ಸೆಲ್ ಹಾಳೆಗೆ ತರುತ್ತದೆ. ಆದರೆ ಮಸುಕಾದ 3 ಅನ್ನು 8 ಎಂದು ಓದುವುದೂ ಉಂಟು. ಅದನ್ನು ಹಿಡಿಯುವುದು ಹೇಗೆ?

ಪ್ರತಿ ಸಾಲಿನ ಶಿಲ್ಕೂ ಹಿಂದಿನ ಶಿಲ್ಕಿನಿಂದ ಹುಟ್ಟಿದ್ದು. C ಕಾಲಮಿನಲ್ಲಿ ತೆಗೆದ ಹಣ, D ಕಾಲಮಿನಲ್ಲಿ ಜಮಾ, E ಕಾಲಮಿನಲ್ಲಿ ಶಿಲ್ಕು ಇದ್ದರೆ F3 ಮನೆಯಲ್ಲಿ ಹೀಗೆ ಬರೆಯಿರಿ:

```
=ROUND(E2-C3+D3-E3,2)
```

ಸೊನ್ನೆ ಬಂದರೆ ಲೆಕ್ಕ ಕೂಡಿತು. 48,250 ರೂಪಾಯಿಯಲ್ಲಿ 3,500 ತೆಗೆದಾಗ ಶಿಲ್ಕು 44,750. ಆ 3,500 ಅನ್ನು 8,500 ಎಂದು ಓದಿದ್ದರೆ -5000 ಕಾಣುತ್ತದೆ. ತಪ್ಪು ಮೊತ್ತದಲ್ಲಿದ್ದರೆ ಅದೊಂದೇ ಸಾಲು ಕೆಡುತ್ತದೆ. ಶಿಲ್ಕಿನಲ್ಲೇ ಇದ್ದರೆ ಮುಂದಿನ ಸಾಲಿನಲ್ಲೂ ಅಷ್ಟೇ ಅಂತರ, ವಿರುದ್ಧ ಚಿಹ್ನೆಯೊಡನೆ ಬರುತ್ತದೆ. ಸೊಗಸಾದ ಸುಳಿವಲ್ಲವೇ!

ತಾರೀಖಿನ ವಿಷಯದಲ್ಲಿ ಮಾತ್ರ ಈ ಪರೀಕ್ಷೆ ಕುರುಡು. ಏಪ್ರಿಲ್ 5ರ 05/04 ಎಂಬುದು ಮೇ 4 ಆಗಿಬಿಟ್ಟರೂ ಸೊನ್ನೆಯೇ ಬರುತ್ತದೆ. ತಾರೀಖುಗಳನ್ನು ಮೂಲ ಕಾಗದದೊಡನೆ ಹೋಲಿಸಿ ನೋಡಬೇಕು. ಆಮೇಲೆ ಟ್ಯಾಲಿಗೆ ಕಳಿಸುವಾಗ ಬ್ಯಾಂಕು ಕ್ರೆಡಿಟ್ ಎಂದು ತೋರಿಸಿದ್ದು ವ್ಯಾಪಾರಿಯ ಪುಸ್ತಕದ ಬ್ಯಾಂಕ್ ಖಾತೆಯಲ್ಲಿ ಡೆಬಿಟ್ ಆಗಿ ಕೂರಬೇಕು.